ಕಿಡ್ನಿಯ ಹೆಸರಿನಲ್ಲಿ ಹಬ್ಬಿದ ಭಯ

ಕ್ರಿಯೇಟಿನ್ ತಿಂದರೆ ಕಿಡ್ನಿ ಹಾಳಾಗುತ್ತದೆ ಎಂಬುದು ಇವತ್ತು ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸದ ಮಾತು. ಜಿಮ್ಮಿಗೆ ಹೊರಟ ಮಗನನ್ನು ತಡೆದು ತಾಯಿ ಹೇಳುವುದು ಇದನ್ನೇ. ಬೆಳಗಿನ ವಾಕಿಂಗ್ ಗುಂಪಿನಲ್ಲಿ ನಿವೃತ್ತರು ಒಬ್ಬರನ್ನೊಬ್ಬರು ಎಚ್ಚರಿಸುವುದು ಇದನ್ನೇ. ರಕ್ತಪರೀಕ್ಷೆಯ ಚೀಟಿಯನ್ನು ಒಮ್ಮೆ ನೋಡಿ ಅವಸರದಲ್ಲಿರುವ ಕೆಲವು ವೈದ್ಯರು ಹೇಳುವುದೂ ಇದನ್ನೇ. ಕಿಡ್ನಿ ಚೆನ್ನಾಗಿರುವ ಮನುಷ್ಯನ ಮಟ್ಟಿಗೆ ಈ ಮಾತು ತಪ್ಪು. ಆಹಾರ ಪೂರಕಗಳ ಪೈಕಿ ಕ್ರಿಯೇಟಿನ್‌ನಷ್ಟು ದೀರ್ಘಕಾಲ, ಅಷ್ಟೊಂದು ಪರೀಕ್ಷೆಗೆ ಒಳಗಾದವು ಬಹಳ ಕಡಿಮೆ. ಹಾಗಿದ್ದೂ ಈ ಅಪವಾದ ತೊಲಗಿಲ್ಲ. ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಈ ತಪ್ಪು ಮಾತಿನ ಪೆಟ್ಟು ಬೀಳುವುದು ಇಪ್ಪತ್ತರ ಹುಡುಗರಿಗಲ್ಲ. ಅವರು ಹೇಗೂ ಯಾರನ್ನೂ ಕೇಳದೆ ತೆಗೆದುಕೊಳ್ಳುತ್ತಾರೆ. ಪೆಟ್ಟು ತಿನ್ನುವವರು ಅರವತ್ತು ದಾಟಿದವರು. ಇದರಿಂದ ಏನಾದರೂ ಪ್ರಯೋಜನ ಪಡೆಯಬೇಕಾದವರೇ ಹೆದರಿ ದೂರ ನಿಂತಿದ್ದಾರೆ.

ಮೈಸೂರಿನ ನಮ್ಮ ಬಡಾವಣೆಯ ಜಿಮ್ಮಿಗೆ ಬರುವ ಗಣಿತ ಮೇಷ್ಟ್ರೊಬ್ಬರ ಕಥೆಯನ್ನು ಮುಂದಿಟ್ಟುಕೊಂಡೇ ಈ ವಾದ ಮಾಡುತ್ತೇನೆ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ವಯಸ್ಸು 67, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಗ್ಯಾಸ್ ಸಿಲಿಂಡರನ್ನು ಬಾಗಿಲಿನಿಂದ ಅಡುಗೆಮನೆಗೆ ಸಾಗಿಸುವುದು ಆಗುತ್ತಿಲ್ಲ, ನೆಲದ ಮೇಲೆ ಊಟಕ್ಕೆ ಕೂತರೆ ಕೈ ಊರದೆ ಏಳಲಾಗುತ್ತಿಲ್ಲ ಎಂದು ಅವರು ಜಿಮ್ಮಿಗೆ ಸೇರಿದ್ದು. ಎರಡು ಟ್ರೆಡ್‌ಮಿಲ್, ಒಂದು ಕೇಬಲ್ ಯಂತ್ರ, ತುಕ್ಕು ಹಿಡಿದ ಒಂದಿಷ್ಟು ಪ್ಲೇಟು ಇರುವ ಸಣ್ಣ ಜಾಗ. ಮೇಷ್ಟ್ರು ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಆರು ತಿಂಗಳ ಫೀಸು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದಾಗಲೂ ಒಂದೇ ತಿಂಗಳಿನದು ಕಟ್ಟಿದವರು.

ಅಲ್ಲಿನ ಕೋಚ್, ಇಪ್ಪತ್ತೈದರ ಹುಡುಗ, ಒಂದು ದಿನ "ಸರ್, ಕ್ರಿಯೇಟಿನ್ ಶುರು ಮಾಡಿ, ನಿಮ್ಮ ವಯಸ್ಸಿಗೆ ಒಳ್ಳೇದು" ಎಂದ.

"ಏನಪ್ಪಾ, ಸ್ಟೆರಾಯ್ಡ್ ತಿನ್ನಿಸಿ ನನ್ನನ್ನ ಆಸ್ಪತ್ರೆಗೆ ಸೇರಿಸ್ತೀಯಾ?" ಎಂದು ಮೇಷ್ಟ್ರು ಕೇಳಿದರು.

ಆ ವಾರವೆಲ್ಲ ಅವರು ವಿಚಾರಿಸಿದ್ದೇ ವಿಚಾರಿಸಿದ್ದು. ವಾಕಿಂಗಿನ ಗೆಳೆಯರೊಬ್ಬರು ಅದು ಸ್ಟೆರಾಯ್ಡೇ ಎಂದರು. ಇನ್ನೊಬ್ಬರು ತಮ್ಮ ಸಂಬಂಧಿಕರ ಹುಡುಗನಿಗೆ ಡಯಾಲಿಸಿಸ್ ಆಯಿತು ಎಂದರು. ಆ ಹುಡುಗ ಯಾವ ಊರಿನವನು, ಏನೇನು ತೆಗೆದುಕೊಂಡಿದ್ದ ಎಂದು ಕೇಳಿದರೆ ಉತ್ತರವಿಲ್ಲ. ಕೂದಲು ಉದುರುತ್ತದೆ, ನಿಲ್ಲಿಸಿದ ಕೂಡಲೇ ಮೈ ಜೋತುಬೀಳುತ್ತದೆ ಎಂಬ ಮಾತುಗಳೂ ಬಂದವು. ಮಗಳು ಬೆಂಗಳೂರಿನಿಂದ ಫೋನ್ ಮಾಡಿ "ಅಪ್ಪಾ, ಈ ವಯಸ್ಸಲ್ಲಿ ನಿಮಗೆ ಆ ಪೌಡರೆಲ್ಲ ಯಾಕೆ?" ಎಂದು ಗದರಿದಳು.

ಇಲ್ಲಿ ನಾನು ಮೇಷ್ಟ್ರ ಪರ ಒಂದು ಮಾತು ಹೇಳಬೇಕು. ಅವರ ಸಂಶಯ ಒಳ್ಳೆಯದೇ. ಆದರೆ ನಮ್ಮಲ್ಲಿ ಸಂಶಯ ಅನ್ನುವುದು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ. ಕೋಚ್ ಹೇಳಿದ್ದಕ್ಕೆ ಆಧಾರ ಕೇಳುವವರು, ಹೆಸರೂ ಊರೂ ಇಲ್ಲದ ಡಯಾಲಿಸಿಸ್ ಹುಡುಗನ ಕಥೆಗೆ ಆಧಾರ ಕೇಳುವುದಿಲ್ಲ. ಬೇಡ ಎನ್ನುವ ಮಾತಿಗೆ ಪುರಾವೆ ಬೇಕಿಲ್ಲ, ಹೇಳಿದವರು ಹಿರಿಯರಾಗಿದ್ದರೆ ಸಾಕು ಎಂಬ ರೂಢಿ ನಮ್ಮದು. ಮೇಷ್ಟ್ರು ಈ ರೂಢಿಯನ್ನು ಮುರಿದರು, ಎರಡೂ ಕಡೆಯವರಿಗೂ ಒಂದೇ ಪ್ರಶ್ನೆ ಹಾಕಿದರು. ಅವರ ಬಗ್ಗೆ ಬರೆಯಬೇಕೆನಿಸಿದ್ದು ಅದಕ್ಕೇ.

ಮೊದಲು ಸ್ಟೆರಾಯ್ಡಿನ ಮಾತು. ಸ್ಟೆರಾಯ್ಡ್ ಎಂದು ಜಿಮ್ಮಿನಲ್ಲಿ ಕರೆಯುವುದು ಗಂಡು ಹಾರ್ಮೋನಿನ ಕೃತಕ ರೂಪಗಳನ್ನು. ಕ್ರಿಯೇಟಿನ್ ಹಾರ್ಮೋನೇ ಅಲ್ಲ. 1832ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಷೆವ್ರೋಲ್ ಇದನ್ನು ಮಾಂಸದ ಸಾರದಿಂದ ಬೇರ್ಪಡಿಸಿದ. ನಮ್ಮ ದೇಹವೇ ದಿನಕ್ಕೆ ಸುಮಾರು ಒಂದು ಗ್ರಾಂನಷ್ಟನ್ನು ಮೂರು ಅಮೈನೋ ಆಮ್ಲಗಳಿಂದ ತಯಾರಿಸಿಕೊಳ್ಳುತ್ತದೆ. ಕೆಲಸ ಕಿಡ್ನಿಯಲ್ಲಿ ಶುರುವಾಗಿ ಲಿವರ್‌ನಲ್ಲಿ ಮುಗಿಯುತ್ತದೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಇನ್ನೊಂದಿಷ್ಟು ಸಿಗುತ್ತದೆ. ಒಂದು ಕಿಲೋ ಹಸಿ ಮಾಂಸದಲ್ಲಿ ಇರುವುದು ನಾಲ್ಕೈದು ಗ್ರಾಂ ಮಾತ್ರ. ಮೇಷ್ಟ್ರಂಥ ಸಸ್ಯಾಹಾರಿಗೆ ಹಾಲಿನಲ್ಲಿ ಸಿಗುವ ತೃಣಮಾತ್ರ ಬಿಟ್ಟರೆ ಊಟದಿಂದ ಬರುವುದು ಏನೂ ಇಲ್ಲ.

ಈ ಪದಾರ್ಥದ ಬಹುಪಾಲು, ನೂರಕ್ಕೆ ತೊಂಬತ್ತೈದರಷ್ಟು, ಮಾಂಸಖಂಡಗಳಲ್ಲಿ ಕೂತಿರುತ್ತದೆ. ಅಲ್ಲಿ ಅದರ ಕೆಲಸ ತುರ್ತಿನದು. ಕುರ್ಚಿಯಿಂದ ಏಳುವ, ಅಕ್ಕಿ ಮೂಟೆ ಎತ್ತುವ, ಕಾಲು ಜಾರಿದಾಗ ತಟ್ಟನೆ ಸಾವರಿಸಿಕೊಳ್ಳುವ ಆ ಕೆಲವು ಸೆಕೆಂಡುಗಳಲ್ಲಿ ಮಾಂಸಖಂಡದ ಶಕ್ತಿ ಎಷ್ಟು ಬೇಗ ಖರ್ಚಾಗುತ್ತದೆಯೋ ಅಷ್ಟೇ ಬೇಗ ಮತ್ತೆ ತುಂಬಬೇಕು. ಉಸಿರಾಟದಿಂದ ಬರುವ ಶಕ್ತಿಗೆ ಅಷ್ಟು ವೇಗವಿಲ್ಲ. ಫಾಸ್ಫೇಟನ್ನು ಹೊತ್ತು ಸಿದ್ಧವಾಗಿರುವ ಕ್ರಿಯೇಟಿನ್ ಅದನ್ನು ಕೊಟ್ಟು ಆ ಕೊರತೆ ತುಂಬುತ್ತದೆ. ದಾಸ್ತಾನು ಹೆಚ್ಚಿದ್ದರೆ ಭಾರ ಎತ್ತುವಾಗ ಇನ್ನೂ ಒಂದೆರಡು ಸಲ ಎತ್ತಲು ಆಗುತ್ತದೆ, ತಿಂಗಳುಗಟ್ಟಲೆ ಹಾಗೆ ಎತ್ತಿದ್ದರ ಫಲ ಮಾಂಸಖಂಡದಲ್ಲಿ ಕಾಣುತ್ತದೆ. ಸುಮ್ಮನೆ ಕೂತು ಪುಡಿ ಕುಡಿಯುವವರಿಗೆ ಈ ಫಲ ಬಹುಮಟ್ಟಿಗೆ ಇಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ಕ್ರಿಯೇಟಿನ್ ಇಲ್ಲ ಎಂಬುದನ್ನು ತಿಳಿದ ಮೇಲೆ ಮೇಷ್ಟ್ರು ಸ್ಟೆರಾಯ್ಡಿನ ವಾದವನ್ನು ಕೈಬಿಟ್ಟರು.

ಕೂದಲಿನ ಕಥೆಗೂ ಹೆಚ್ಚು ಹೊತ್ತು ಬೇಡ. 2009ರಲ್ಲಿ ದಕ್ಷಿಣ ಆಫ್ರಿಕಾದ ಇಪ್ಪತ್ತು ರಗ್ಬಿ ಆಟಗಾರರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಕೂದಲು ಉದುರುವುದಕ್ಕೆ ಸಂಬಂಧಪಟ್ಟ ಹಾರ್ಮೋನೊಂದು ಏರಿದ್ದು ಕಂಡಿತು. ಆ ಅಧ್ಯಯನದಲ್ಲಿ ಯಾರ ಕೂದಲನ್ನೂ ಎಣಿಸಿರಲಿಲ್ಲ, ಅಳೆದಿರಲಿಲ್ಲ. ಜಗತ್ತಿನ ಅಷ್ಟೂ ಜಿಮ್ಮುಗಳ ಬೋಳುತಲೆಯ ಭಯ ನಿಂತಿರುವುದು ಆ ಒಂದು ಅಧ್ಯಯನದ ಮೇಲೆ.

ಕಿಡ್ನಿಯ ಭಯ ಹಾಗಲ್ಲ, ಅದಕ್ಕೆ ಬೇರು ಆಳದಲ್ಲಿದೆ. 1997ರ ಕೊನೆಯಲ್ಲಿ ಅಮೆರಿಕದ ಕಾಲೇಜುಗಳ ಮೂವರು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಕ್ರಿಯೇಟಿನ್ ಆಗಷ್ಟೇ ಜನಪ್ರಿಯವಾಗುತ್ತಿತ್ತು, ಸಂಶಯ ಅದರ ಮೇಲೆ ತಿರುಗಿತು, ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ತನಿಖೆಯಲ್ಲಿ ಹೊರಬಂದದ್ದು ಬೇರೆಯೇ. ಆ ಮೂವರೂ ಪಂದ್ಯದ ತೂಕಕ್ಕೆ ಇಳಿಯಲು ನೀರು ಬಿಟ್ಟು, ಬೆವರು ಆರದ ಉಡುಪು ತೊಟ್ಟು, ಬಿಸಿಯಲ್ಲಿ ವ್ಯಾಯಾಮ ಮಾಡುತ್ತಿದ್ದರು. ಕೊಂದದ್ದು ಮೈಯ ಉಷ್ಣ ಮತ್ತು ನೀರಿನ ಕೊರತೆ. ಮರುವರ್ಷ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 25 ವರ್ಷದ ಒಬ್ಬ ರೋಗಿಯ ವರದಿ ಪ್ರಕಟವಾಯಿತು. ಕ್ರಿಯೇಟಿನ್ ತೆಗೆದುಕೊಂಡ ಮೇಲೆ ಅವನ ಕಿಡ್ನಿಯ ಲೆಕ್ಕ ಕೆಟ್ಟಿತ್ತು, ಬಿಟ್ಟ ಮೇಲೆ ಸರಿಹೋಯಿತು. ಆ ಯುವಕನಿಗೆ ವರ್ಷಗಳಿಂದ ಕಿಡ್ನಿಯ ಕಾಯಿಲೆಯಿತ್ತು, ಕಿಡ್ನಿಗೇ ತೊಂದರೆ ಕೊಡಬಲ್ಲ ಔಷಧಿಯನ್ನು ಅವನು ಅದಕ್ಕಾಗಿ ನುಂಗುತ್ತಿದ್ದ ಎಂಬ ವಿವರ ಅದೇ ವರದಿಯಲ್ಲಿದೆ. ಆದರೆ ಬಾಯಿಂದ ಬಾಯಿಗೆ ಹೋಗುವಾಗ ವಿವರ ಉದುರಿಹೋಗಿ ತಲೆಬರಹ ಮಾತ್ರ ಉಳಿಯಿತು. ಮೂವರು ಕುಸ್ತಿಪಟುಗಳು ಮತ್ತು ಒಬ್ಬ ರೋಗಿ, ಇಷ್ಟರಿಂದ ಆರಂಭವಾದ ಮಾತು ಮೈಸೂರಿನ ಪಾರ್ಕಿನವರೆಗೆ ಬಂದಿದೆ.

ಇಷ್ಟು ಹೇಳಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಕ್ರಿಯೇಟಿನ್ ತೆಗೆದುಕೊಳ್ಳುವವರ ರಕ್ತಪರೀಕ್ಷೆಯಲ್ಲಿ ಅಂಕಿ ಏರುವುದು ನಿಜವಲ್ಲವೇ? ನಿಜ. ನನ್ನ ಇಡೀ ವಾದ ನಿಂತಿರುವುದು ಆ ಅಂಕಿಯನ್ನು ಹೇಗೆ ಓದಬೇಕು ಎನ್ನುವುದರ ಮೇಲೆ.

ಮಾಂಸಖಂಡದಲ್ಲಿರುವ ಕ್ರಿಯೇಟಿನ್‌ನಲ್ಲಿ ದಿನಕ್ಕೆ ನೂರಕ್ಕೆ ಎರಡರೊಳಗಿನ ಭಾಗ ತಾನಾಗಿಯೇ ಕ್ರಿಯೇಟಿನಿನ್ ಎಂಬ ತ್ಯಾಜ್ಯವಾಗಿ ಬದಲಾಗುತ್ತದೆ. ರಕ್ತಕ್ಕೆ ಸೇರಿದ ಈ ತ್ಯಾಜ್ಯವನ್ನು ಕಿಡ್ನಿ ಸೋಸಿ ಮೂತ್ರಕ್ಕೆ ಹಾಕುತ್ತದೆ. ಕಿಡ್ನಿ ನಿಧಾನವಾದರೆ ಅದು ರಕ್ತದಲ್ಲಿ ಉಳಿದುಕೊಳ್ಳುತ್ತದೆ. ಅದಕ್ಕೇ ವೈದ್ಯರು ರಕ್ತದ ಕ್ರಿಯೇಟಿನಿನ್ ಅಳೆದು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ಅಂದಾಜು ಮಾಡುತ್ತಾರೆ. ಸೌದೆ ಒಲೆಯ ಮುಂದೆ ಬೂದಿಯ ಗುಡ್ಡೆ ನೋಡಿ, ಬೂದಿ ಬಳಿಯುವವಳು ಕೆಲಸ ಮಾಡುತ್ತಿದ್ದಾಳೋ ಇಲ್ಲವೋ ಎಂದು ತೀರ್ಮಾನಿಸಿದ ಹಾಗೆ ಇದು. ದಿನವೂ ಅಷ್ಟೇ ಸೌದೆ ಉರಿಯುವ ತನಕ ತೀರ್ಮಾನ ಸರಿಯಾಗಿರುತ್ತದೆ. ಸೌದೆ ಹೆಚ್ಚಿಗೆ ಉರಿಸಿದ ದಿನ ಬೂದಿ ಹೆಚ್ಚೇ ಇರುತ್ತದೆ, ಅವಳ ಕೈ ನಿಂತಿರುವುದಿಲ್ಲ. ಕ್ರಿಯೇಟಿನ್ ತೆಗೆದುಕೊಂಡರೆ, ಮಾಂಸಖಂಡ ಬೆಳೆದರೆ, ಹಿಂದಿನ ರಾತ್ರಿ ಮಟನ್ ಊಟ ಮಾಡಿದ್ದರೆ, ಹಿಂದಿನ ದಿನ ಜೋರಾಗಿ ಭಾರ ಎತ್ತಿದ್ದರೆ ಕ್ರಿಯೇಟಿನಿನ್ ಸ್ವಲ್ಪ ಏರುತ್ತದೆ. ಕಿಡ್ನಿಗೆ ಏನೂ ಆಗಿರುವುದಿಲ್ಲ.

ಮೇಷ್ಟ್ರಿಗೆ ಆದದ್ದು ಇದೇ. ಪುಡಿ ಶುರುಮಾಡುವ ಮೊದಲು ಅವರು ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದರು. ಅವರು ಮಾಡಿದ ಜಾಣತನದ ಕೆಲಸಗಳಲ್ಲಿ ಇದು ಮೊದಲನೆಯದು. ಆಗ ಕ್ರಿಯೇಟಿನಿನ್ 1.15 ಇತ್ತು. ವಯಸ್ಸು, ಲಿಂಗ ಸೇರಿಸಿ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ಕಿಡ್ನಿಯ ಸೋಸುವ ವೇಗ, ರಿಪೋರ್ಟಿನಲ್ಲಿ eGFR ಎಂದು ಬರೆಯುವುದು, 70. ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ ಕ್ರಿಯೇಟಿನಿನ್ 1.35. ಲ್ಯಾಬಿನ ಮಿತಿ 1.3 ಆದ್ದರಿಂದ ಅಂಕಿಯ ಪಕ್ಕದಲ್ಲಿ H ಎಂಬ ದಪ್ಪ ಅಕ್ಷರ. eGFR 58. ಅರವತ್ತರ ಕೆಳಗೆ ಇಳಿದರೆ ಕಿಡ್ನಿ ಕಾಯಿಲೆಯ ಮೂರನೆಯ ಹಂತ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ. ಮೊದಲು ನೋಡಿದ ವೈದ್ಯರು ಆ ಪಟ್ಟಿಯನ್ನೇ ಓದಿ ಹೇಳಿದರು. ಜಿಮ್ ಬಿಡಿ, ಪುಡಿ ಬಿಡಿ, ಬೇಳೆಕಾಳನ್ನೂ ಕಮ್ಮಿ ಮಾಡಿ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಪಾರ್ಕಿನಲ್ಲಿ "ನಾವು ಮೊದಲೇ ಹೇಳಿರಲಿಲ್ವಾ ಮೇಷ್ಟ್ರೇ" ಎಂಬ ಮಾತಿಗೆ ಕೊರತೆಯಿರಲಿಲ್ಲ.

ಮೇಷ್ಟ್ರು ಆ ಸೂತ್ರವನ್ನು ಹುಡುಕಿ ಕಾಗದದ ಮೇಲೆ ತಾವೇ ಬಿಡಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಸೂತ್ರದೊಳಗೆ ಹೋಗುವುದು ಕ್ರಿಯೇಟಿನಿನ್, ವಯಸ್ಸು ಮತ್ತು ಲಿಂಗ, ಈ ಮೂರೇ ಎಂಬುದು ಅವರ ಕಣ್ಣಿಗೆ ಬಿತ್ತು. ಈ ಮನುಷ್ಯ ಭಾರ ಎತ್ತುತ್ತಾನೋ, ಪುಡಿ ತಿನ್ನುತ್ತಾನೋ ಎಂದು ಕೇಳುವ ಜಾಗ ಆ ಸೂತ್ರದಲ್ಲಿ ಇಲ್ಲ. ಎಲ್ಲರ ದೇಹದಲ್ಲೂ ಸರಾಸರಿ ಪ್ರಮಾಣದಲ್ಲೇ ಕ್ರಿಯೇಟಿನಿನ್ ಹುಟ್ಟುತ್ತದೆ ಎಂದು ಅದು ಊಹಿಸಿಕೊಳ್ಳುತ್ತದೆ. ಆ ಊಹೆ ತಪ್ಪಿದರೆ ಉತ್ತರವೂ ತಪ್ಪುತ್ತದೆ. eGFRನ ಮೊದಲ ಅಕ್ಷರ ಅಂದಾಜು ಎಂಬುದನ್ನು ಸೂಚಿಸಲಿಕ್ಕೇ ಇದೆ, ಅದನ್ನು ಓದುವವರು ಕಡಿಮೆ.

ಅವರು ಕಿಡ್ನಿ ತಜ್ಞರೊಬ್ಬರ ಬಳಿಗೆ ಹೋದರು. ಆ ವೈದ್ಯೆ ರಿಪೋರ್ಟು ನೋಡುವ ಮೊದಲೇ ಎರಡು ಪ್ರಶ್ನೆ ಕೇಳಿದರಂತೆ: "ಸರ್, ಪೌಡರ್ ಏನಾದ್ರೂ ತಗೊಳ್ತಿದ್ದೀರಾ? ರಕ್ತ ಕೊಡೋ ಹಿಂದಿನ ದಿನ ಜಿಮ್ಮಿಗೆ ಹೋಗಿದ್ರಾ?" ಎರಡಕ್ಕೂ ಹೌದೆಂಬುದೇ ಉತ್ತರ. ಅವರು ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆಯೇ ಎಂದು ನೋಡಲು ಹೇಳಿದರು, ಅದು ಸಹಜವಾಗಿತ್ತು. ಸಿಸ್ಟಾಟಿನ್ ಸಿ ಎಂಬ ಇನ್ನೊಂದು ಪರೀಕ್ಷೆ ಬರೆದರು. ದೇಹದ ಬಹುತೇಕ ಜೀವಕೋಶಗಳು ಬಿಡುಗಡೆ ಮಾಡುವ ಈ ಸಣ್ಣ ಪ್ರೋಟೀನನ್ನೂ ಕಿಡ್ನಿಯೇ ಸೋಸುತ್ತದೆ. ಕ್ರಿಯೇಟಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ, ದುಬಾರಿ ಕೂಡ. ಥೈರಾಯ್ಡ್ ತೊಂದರೆ ಇದ್ದರೆ ಅಥವಾ ಸ್ಟೆರಾಯ್ಡ್ ಔಷಧಿ ತೆಗೆದುಕೊಳ್ಳುತ್ತಿದ್ದರೆ ಇದೂ ಏರುಪೇರಾಗುತ್ತದೆ, ಮೇಷ್ಟ್ರಿಗೆ ಅವೆರಡೂ ಇರಲಿಲ್ಲ. ಫಲಿತಾಂಶ 0.98 ಬಂತು. ಅದರ ಸೂತ್ರದ ಪ್ರಕಾರ ಸೋಸುವ ವೇಗ 78. ಒಂದೇ ಕಿಡ್ನಿ ಒಂದು ಸೂತ್ರದಲ್ಲಿ ಕಾಯಿಲೆಯದು, ಇನ್ನೊಂದರಲ್ಲಿ ವಯಸ್ಸಿಗೆ ತಕ್ಕ ಆರೋಗ್ಯದ್ದು. ಕೊನೆಗೆ ಐದು ವಾರ ಪುಡಿ ನಿಲ್ಲಿಸಿ, ಎರಡು ದಿನ ಜಿಮ್ಮಿಗೆ ಹೋಗದೆ ರಕ್ತ ಕೊಡಿ ಎಂದರು. ಕ್ರಿಯೇಟಿನಿನ್ 1.16ಕ್ಕೆ ಬಂದು ನಿಂತಿತು. ಏಟು ತಿಂದ ಕಿಡ್ನಿ ಹೀಗೆ ಐದು ವಾರದಲ್ಲಿ ಹಿಂದಿನ ಜಾಗಕ್ಕೆ ಬಂದು ಕೂರುವುದಿಲ್ಲ. ಅಲ್ಲದೆ ಒಂದು ರಿಪೋರ್ಟು ನೋಡಿ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಹೇಳುವಂತೆಯೇ ಇಲ್ಲ, ದೋಷ ಮೂರು ತಿಂಗಳಾದರೂ ಉಳಿದಿರಬೇಕು ಎಂಬುದು ವೈದ್ಯರೇ ಒಪ್ಪಿರುವ ನಿಯಮ.

ಇದು ಒಬ್ಬರ ಕಥೆ, ಒಬ್ಬರಿಂದ ಏನೂ ಸಾಬೀತಾಗುವುದಿಲ್ಲ ಎಂದು ಯಾರಾದರೂ ಹೇಳಬಹುದು. ಸರಿ. ಹಾಗಾದರೆ ಅಂದಾಜು ಬಿಟ್ಟು ನೇರವಾಗಿ ಅಳೆದದ್ದನ್ನು ನೋಡೋಣ. ವಿಕಿರಣದ ಗುರುತು ಹಾಕಿದ ಒಂದು ವಸ್ತುವನ್ನು ರಕ್ತಕ್ಕೆ ಬಿಟ್ಟು ಕಿಡ್ನಿ ಅದನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂದು ನೋಡುವ ವಿಧಾನವೊಂದಿದೆ. ಬ್ರೆಜಿಲ್‌ನ ಬ್ರೂನೊ ಗುವಾಲಾನೊ ಮತ್ತು ಸಂಗಡಿಗರು ಈ ವಿಧಾನವನ್ನು ಹಿಡಿದರು. 2010ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಒಂದೇ ಕಿಡ್ನಿ ಇದ್ದ 20 ವರ್ಷದ ಯುವಕನೊಬ್ಬನಿದ್ದಾನೆ. ಐದು ದಿನ ದಿನಕ್ಕೆ 20 ಗ್ರಾಂ, ಆಮೇಲೆ ಒಂದು ತಿಂಗಳು ದಿನಕ್ಕೆ 5 ಗ್ರಾಂ ಕ್ರಿಯೇಟಿನ್ ತೆಗೆದುಕೊಂಡ. ಅವನ ರಕ್ತದ ಕ್ರಿಯೇಟಿನಿನ್ 1.03ರಿಂದ 1.27ಕ್ಕೆ ಏರಿತು. ನೇರವಾಗಿ ಅಳೆದ ಸೋಸುವ ವೇಗ ಮೊದಲು 81.6, ಆಮೇಲೆ 82. ಮರುವರ್ಷ ಇದೇ ತಂಡ ಸಕ್ಕರೆ ಕಾಯಿಲೆ ಇದ್ದವರಲ್ಲಿ ದಿನಕ್ಕೆ 5 ಗ್ರಾಂನಂತೆ ಹನ್ನೆರಡು ವಾರ ಕೊಟ್ಟು ಅದೇ ರೀತಿ ಅಳೆಯಿತು, ಕಿಡ್ನಿಗೆ ತೊಂದರೆ ಕಾಣಲಿಲ್ಲ. ಅಂಕಿ ಏರಿದ್ದು ನಿಜ, ಕಿಡ್ನಿ ಕೆಟ್ಟದ್ದು ಸುಳ್ಳು ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕೇ?

"ಇರಲಿ, ಅಪಾಯವಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಈ ವಯಸ್ಸಿನಲ್ಲಿ ಯಾಕೆ?" ಎನ್ನುವ ಮಗಳ ಪ್ರಶ್ನೆ ಇನ್ನೂ ಇದೆ. ಅದರೊಳಗೆ ಅಡಗಿರುವ ನಂಬಿಕೆಯನ್ನು ನಾನು ಇನ್ನೂ ಬಲವಾಗಿ ವಿರೋಧಿಸುತ್ತೇನೆ. ಮಾಂಸಖಂಡ ಬೆಳೆಸುವುದು ಹರೆಯದವರ ಶೋಕಿ, ವಯಸ್ಸಾದವರಿಗೆ ವಾಕಿಂಗು, ಪ್ರಾಣಾಯಾಮ ಸಾಕು ಎಂಬ ನಂಬಿಕೆ ಅದು. ಹರೆಯದವನಿಗೆ ಮಾಂಸಖಂಡ ತಾನಾಗಿಯೇ ಇರುತ್ತದೆ. ಅದು ಕರಗುವುದು ವಯಸ್ಸಾದವನಿಗೆ. ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿಯುವವರು ಅರವತ್ತು ದಾಟಿದವರು, ಇಪ್ಪತ್ತರವರಲ್ಲ. ವಾಕಿಂಗು ಹೃದಯಕ್ಕೆ ಒಳ್ಳೆಯದು, ತೊಡೆಯ ಬಲ ಉಳಿಸಲು ಅದೊಂದೇ ಸಾಲದು.

ವಯಸ್ಸಾದವರಲ್ಲಿ ನಡೆದ 22 ಪ್ರಯೋಗಗಳನ್ನು 2017ರಲ್ಲಿ ಕೆನಡಾದ ಫಿಲಿಪ್ ಚಿಲಿಬೆಕ್ ತಂಡ ಒಟ್ಟುಗೂಡಿಸಿ ನೋಡಿತು. ಒಟ್ಟು 721 ಜನ. ಎಲ್ಲರೂ ಭಾರ ಎತ್ತುವ ವ್ಯಾಯಾಮ ಮಾಡಿದವರು, ಕೆಲವರಿಗೆ ಕ್ರಿಯೇಟಿನ್, ಉಳಿದವರಿಗೆ ಹಾಗೆಯೇ ಕಾಣುವ ಬೇರೆ ಪುಡಿ. ಕ್ರಿಯೇಟಿನ್ ತೆಗೆದುಕೊಂಡವರಲ್ಲಿ ಕೊಬ್ಬು ಬಿಟ್ಟ ದೇಹತೂಕ ಸರಾಸರಿ 1.4 ಕಿಲೋದಷ್ಟು ಹೆಚ್ಚಿಗೆ ಬೆಳೆದಿತ್ತು, ಬಲವೂ ಹೆಚ್ಚಿತ್ತು. ಯುರೋಪಿನಲ್ಲಿ ಆಹಾರದ ಡಬ್ಬದ ಮೇಲೆ ಬೇಕಾದದ್ದು ಬರೆಯುವ ಹಾಗಿಲ್ಲ. ಅಲ್ಲಿಯ ಆಹಾರ ಸುರಕ್ಷತಾ ಪ್ರಾಧಿಕಾರ ಪರಿಶೀಲಿಸಿದ ಮೇಲೆ, 55 ದಾಟಿದವರು ಭಾರದ ವ್ಯಾಯಾಮದ ಜೊತೆ ದಿನಕ್ಕೆ 3 ಗ್ರಾಂ ತೆಗೆದುಕೊಂಡರೆ ಬಲ ಹೆಚ್ಚಲು ನೆರವಾಗುತ್ತದೆ ಎಂದು ಬರೆಯಲು ಅನುಮತಿಯಿದೆ. ಯಾರಿಗೆ ಕೊಡಲೇಬಾರದು ಎಂದು ನಾವು ಹೇಳುತ್ತಿದ್ದೇವೆಯೋ ಅವರ ಹೆಸರಿನಲ್ಲೇ ಅಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಸಸ್ಯಾಹಾರಿಗಳ ಮಾಂಸಖಂಡದಲ್ಲಿ ಕ್ರಿಯೇಟಿನ್ ದಾಸ್ತಾನು ಮೊದಲೇ ಕಡಿಮೆ, ಆದ್ದರಿಂದ ಅವರಲ್ಲಿ ಏರಿಕೆಗೆ ಜಾಗ ಹೆಚ್ಚು. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಸಾರನ್ನ, ರಾತ್ರಿ ಮೊಸರನ್ನ ಉಣ್ಣುವ 67ರ ಮೇಷ್ಟ್ರಿಗಿಂತ ತಕ್ಕ ಮನುಷ್ಯ ಇದಕ್ಕೆ ಸಿಗುವುದು ಕಷ್ಟ.

ಹಾಗೆಂದು ಜಿಮ್ಮಿನವರ ಕಡೆ ತಪ್ಪಿಲ್ಲವೆಂದು ನಾನು ಹೇಳುತ್ತಿಲ್ಲ. ಹೆದರಿಸುವವರಿಗೆ ಬಲ ಸಿಗುತ್ತಿರುವುದೇ ಅವರಿಂದ. ಕೋಚ್ ಮೇಷ್ಟ್ರಿಗೆ ಹೇಳಿದ್ದು "ಮೊದಲ ವಾರ ಲೋಡಿಂಗ್ ಸರ್, ದಿನಕ್ಕೆ ನಾಲ್ಕು ಸ್ಕೂಪ್." ಸ್ಕೂಪಿಗೆ 5 ಗ್ರಾಂ, ದಿನಕ್ಕೆ 20. ಮೇಷ್ಟ್ರು ಬೆಳಗ್ಗೆ ಖಾಲಿಹೊಟ್ಟೆಯಲ್ಲಿ ಎರಡು ಸ್ಕೂಪನ್ನು ತಣ್ಣೀರಿಗೆ ಹಾಕಿ ಕುಡಿದರು. ಪುಡಿ ಕರಗಲಿಲ್ಲ, ಲೋಟದ ತಳದಲ್ಲಿ ಮರಳಿನಂತೆ ಉಳಿದದ್ದನ್ನೂ ನೀರು ಹಾಕಿ ಕುಡಿದರು. ಹತ್ತು ಗಂಟೆಯೊಳಗೆ ಹೊಟ್ಟೆ ಕೆಟ್ಟಿತು. ಈ ಲೋಡಿಂಗಿನ ಅಗತ್ಯವೇ ಇಲ್ಲ ಎಂಬುದು 1996ರಲ್ಲೇ ಗೊತ್ತಾಗಿದೆ. ಎರಿಕ್ ಹಲ್ಟ್‌ಮನ್ ಮತ್ತು ಜೊತೆಗಾರರು ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ಕೊಟ್ಟು ನೋಡಿದಾಗ, ಆರು ದಿನ 20 ಗ್ರಾಂ ಕೊಟ್ಟಷ್ಟೇ ದಾಸ್ತಾನು ಮಾಂಸಖಂಡದಲ್ಲಿ ಸೇರಿತ್ತು. ಹೊತ್ತು ಹೆಚ್ಚು ಬೇಕು, ಅಷ್ಟೇ. ಮುಂದಿನ ತಿಂಗಳಿನ ಪಂದ್ಯಕ್ಕೆ ತಯಾರಾಗುವವನಿಗೆ ಆತುರವಿರಬಹುದು, ನಿವೃತ್ತ ಮೇಷ್ಟ್ರಿಗೆ ಏನು ಆತುರ? ಆಮೇಲಿಂದ ಅವರು ಮಧ್ಯಾಹ್ನದ ಊಟವಾದ ಮೇಲೆ ಬೆಚ್ಚನೆ ನೀರಿಗೆ 3 ಗ್ರಾಂ ಹಾಕಿ, ಕದಡಿ, ಆಗಲೇ ಕುಡಿದುಬಿಡುತ್ತಾರೆ. ಕಲಸಿಟ್ಟು ಮಾರನೆಯ ದಿನ ಕುಡಿಯುವುದು ಬೇಡ, ನೀರಿನಲ್ಲಿ, ಅದರಲ್ಲೂ ನಿಂಬೆ ಹಿಂಡಿದ ನೀರಿನಲ್ಲಿ, ಅದು ನಿಧಾನಕ್ಕೆ ಕ್ರಿಯೇಟಿನಿನ್ ಆಗಿಬಿಡುತ್ತದೆ.

ಮೊದಲ ತಿಂಗಳಿನಲ್ಲಿ ತೂಕ ಒಂದು ಕಿಲೋ ಏರಿತು. ಬಾವು ಬಂದಿದೆಯೇನೋ ಎಂದು ಹೆಂಡತಿ ಪಾದ ಒತ್ತಿ ನೋಡಿದರು, ಗುಳಿ ಬೀಳಲಿಲ್ಲ. ಕ್ರಿಯೇಟಿನ್ ಮಾಂಸಖಂಡದೊಳಗೆ ಹೋಗುವಾಗ ನೀರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಆ ಒಂದು ಕಿಲೋ ಅದೇ. ಹುಡುಗರು ಅದನ್ನು ನೋಡಿ ವಾರದಲ್ಲಿ ಮಸಲ್ ಬಂತು ಎಂದುಕೊಳ್ಳುತ್ತಾರೆ, ನಿಲ್ಲಿಸಿದ ಮೇಲೆ ಆ ನೀರು ಹೋದಾಗ ಮೈ ಜೋತುಬಿತ್ತು ಎನ್ನುತ್ತಾರೆ. ಎರಡೂ ತಪ್ಪು ಓದು.

ಇನ್ನು ಡಬ್ಬದ ವಿಷಯ. ನಮ್ಮ ಮಾರುಕಟ್ಟೆಯಲ್ಲಿ ಹೊರಗೆ ಬರೆದದ್ದೇ ಒಳಗಿರುತ್ತದೆ ಎಂಬ ಖಾತ್ರಿಯಿಲ್ಲ. 2024ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ 36 ಪ್ರೋಟೀನ್ ಪುಡಿಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಅರ್ಧಕ್ಕಿಂತ ಬಹಳ ಹೆಚ್ಚು ಡಬ್ಬಗಳಲ್ಲಿ ಪ್ರೋಟೀನಿನ ಪ್ರಮಾಣ ಬರೆದಂತೆ ಇರಲಿಲ್ಲ. ಹೆದರಬೇಕಾದದ್ದು ಇದಕ್ಕೆ. ಹತ್ತಾರು ವಸ್ತು ಬೆರೆಸಿ ಯಾವುದು ಎಷ್ಟಿದೆ ಎಂದು ಹೇಳದ ಮಿಶ್ರಣಗಳಲ್ಲಿ, ಕಳ್ಳದಾರಿಯಲ್ಲಿ ಬರುವ ಇಂಜೆಕ್ಷನ್ನುಗಳಲ್ಲಿ ಏನಿದೆಯೋ ಯಾರಿಗೂ ತಿಳಿಯದು. ಪಾರ್ಕಿನ ಕಥೆಯ ಡಯಾಲಿಸಿಸ್ ಹುಡುಗ ನಿಜಕ್ಕೂ ಇದ್ದಿದ್ದರೆ ಅವನ ಕೈಯಲ್ಲಿದ್ದದ್ದು ಏನು ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತು. ಮೇಷ್ಟ್ರು ಕೊಂಡದ್ದು ಕ್ರಿಯೇಟಿನ್ ಮೊನೊಹೈಡ್ರೇಟ್ ಬಿಟ್ಟು ಬೇರೇನೂ ಇಲ್ಲದ, ಬಣ್ಣ ರುಚಿ ಇಲ್ಲದ ಬಿಳಿ ಪುಡಿ. ಎರಡರಷ್ಟು ಬೆಲೆಯ ಬೇರೆ ರೂಪಗಳು ಇದಕ್ಕಿಂತ ಮೇಲು ಎಂಬುದಕ್ಕೆ ಆಧಾರವಿಲ್ಲ.

ನಾಲ್ಕು ತಿಂಗಳಿನಲ್ಲಿ ಅವರಿಗೆ ಏನಾಯಿತು? ಕೈಯನ್ನು ಎದೆಗೆ ಕಟ್ಟಿ ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಹುದು ಎಂಬ ಸರಳ ಪರೀಕ್ಷೆ ಇದೆ. ಆ ವಯಸ್ಸಿನ ಗಂಡಸರಿಗೆ ಹನ್ನೆರಡಕ್ಕಿಂತ ಕಡಿಮೆ ಎಂದರೆ ಕಾಲು ಸೋತಿದೆ ಎಂದರ್ಥ. ಮೇಷ್ಟ್ರು ಹತ್ತರಲ್ಲಿ ಶುರುಮಾಡಿದವರು ಹದಿನಾಲ್ಕಕ್ಕೆ ಬಂದರು. ಕೋಚ್ ಅದಷ್ಟೂ ಪುಡಿಯ ಮಹಿಮೆ ಎಂದಾಗ ಮೇಷ್ಟ್ರು ಒಪ್ಪಲಿಲ್ಲ. "ವ್ಯಾಯಾಮದ್ದೆಷ್ಟು, ಪುಡಿದೆಷ್ಟು ಅಂತ ನನ್ನೊಬ್ಬನ ಲೆಕ್ಕದಲ್ಲಿ ಬಿಡಿಸೋಕಾಗಲ್ಲ ಕಣಪ್ಪಾ. ಸಮೀಕರಣ ಒಂದೇ, ಗೊತ್ತಿಲ್ದಿರೋದು ಎರಡು" ಎಂದರು. ಬಹುಪಾಲು ವ್ಯಾಯಾಮದ್ದೇ ಇರಬೇಕು ಎಂಬುದು ನನ್ನ ಅಂದಾಜೂ ಹೌದು. ಮೂಳೆ ಗಟ್ಟಿಯಾಗುತ್ತದೆ ಎಂಬ ಜಾಹೀರಾತನ್ನೂ ಅವರು ನಂಬಲಿಲ್ಲ, ಅದು ಸರಿ. ಮುಟ್ಟು ನಿಂತ 237 ಹೆಂಗಸರಿಗೆ ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ ಮೂಳೆಯ ಸಾಂದ್ರತೆ ಹೆಚ್ಚಲಿಲ್ಲ. ಬೌದ್ಧಿಕ ಸಾಮರ್ಥ್ಯ ಹೆಚ್ಚುತ್ತದೆ ಎಂದು ಡಬ್ಬದ ಮೇಲೆ ಬರೆಯಲು ಕೇಳಿದ್ದ ಅನುಮತಿಗೆ 2024ರಲ್ಲಿ ಅದೇ ಯುರೋಪಿನ ಪ್ರಾಧಿಕಾರ ಆಧಾರ ಸಾಲದು ಎಂದಿದೆ.

ಕಿಡ್ನಿಯ ಕಾಯಿಲೆ ಮೊದಲೇ ಇರುವವರು, ಕಿಡ್ನಿಗೆ ಭಾರವಾಗುವ ಔಷಧಿ ನುಂಗುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು, ಏಕೆಂದರೆ ಇಲ್ಲಿ ಹೇಳಿದ ಧೈರ್ಯದ ಮಾತುಗಳ ಹಿಂದಿರುವ ಪ್ರಯೋಗಗಳು ಬಹುತೇಕ ಅಂಥವರನ್ನು ಹೊರಗಿಟ್ಟು ನಡೆದವು. ಸಕ್ಕರೆ ಕಾಯಿಲೆ, ರಕ್ತದೊತ್ತಡ ನಮ್ಮಲ್ಲಿ ಮನೆಗೊಬ್ಬರಿಗೆ ಇರುವುದರಿಂದ, ತಮಗೇ ತಿಳಿಯದೆ ಕಿಡ್ನಿ ಸೋತಿರುವವರೂ ಇರುತ್ತಾರೆ. ಆದ್ದರಿಂದ ಅರವತ್ತು ದಾಟಿದವರು ಮೊದಲ ಚಮಚಕ್ಕೆ ಮುಂಚೆ ರಕ್ತದ ಕ್ರಿಯೇಟಿನಿನ್, ಮೂತ್ರದ ಅಲ್ಬುಮಿನ್ ಎರಡನ್ನೂ ಪರೀಕ್ಷಿಸಿ ರಿಪೋರ್ಟನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಆಮೇಲೆ ಯಾವ ವೈದ್ಯರ ಬಳಿ ಹೋದರೂ ಪುಡಿ ತೆಗೆದುಕೊಳ್ಳುತ್ತಿರುವ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಬೈಯುತ್ತಾರೆಂದು ಮುಚ್ಚಿಟ್ಟವರಿಗೇ ಇಲ್ಲದ ಕಾಯಿಲೆಯ ಹೆಸರು ಅಂಟುವುದು. ವೈದ್ಯರ ಪಾಲಿಗೆ ಉಳಿದಿರುವುದು ಮೇಷ್ಟ್ರನ್ನು ನೋಡಿದ ಇಬ್ಬರು ವೈದ್ಯರಲ್ಲಿ ಒಬ್ಬರು ಮಾತ್ರ ಕೇಳಿದ ಆ ಎರಡು ಪ್ರಶ್ನೆ. ಅದಕ್ಕೆ ಅರ್ಧ ನಿಮಿಷ ಸಾಕು, ಕೇಳದಿದ್ದರೆ ಒಬ್ಬ ಮುದುಕ ಬೇಳೆ ಬಿಟ್ಟು, ಭಾರ ಎತ್ತುವುದನ್ನು ಬಿಟ್ಟು, ಮತ್ತೆ ನೆಲಕ್ಕೆ ಕೈ ಊರಿ ಏಳುವ ಸ್ಥಿತಿಗೆ ಹೋಗುತ್ತಾನೆ.